ಪ್ಲೇಟ್‌ಲೆಟ್ ವರದಿಯ ಲಕ್ಷದ ಲೆಕ್ಕ: ಸಣ್ಣ ಊರಿನ ಪ್ರಯೋಗಾಲಯದಲ್ಲಿ ತಂತ್ರಾಂಶ ವ್ಯಾಲಿಡೇಶನ್ನಿನ ಸಾಕ್ಷ್ಯ ಎಲ್ಲಿರಬೇಕು?

ವೈದ್ಯಕೀಯ ಪ್ರಯೋಗಾಲಯದ ಮಾಹಿತಿ ತಂತ್ರಾಂಶವನ್ನು ಪೂರೈಕೆದಾರ ವ್ಯಾಲಿಡೇಟ್ ಮಾಡಿರಬೇಕು, ಅದನ್ನು ಬಳಕೆಗೆ ತರುವ ಮುನ್ನ ಪ್ರಯೋಗಾಲಯ ಅದರ ಕೆಲಸವನ್ನು ಪರಿಶೀಲಿಸಿ ನೋಡಿರಬೇಕು ಎಂದು ಐಎಸ್‌ಒ 15189:2022ರ 7.6.3ನೇ ಭಾಗ ಹೇಳುತ್ತದೆ. ನಮ್ಮಲ್ಲಿ ಎನ್‌ಎಬಿಎಲ್ ಮಾನ್ಯತೆ ಬಯಸುವ ವೈದ್ಯಕೀಯ ಲ್ಯಾಬುಗಳಿಗೆ ಇದೇ ಅಳತೆಗೋಲು. ಈ ವಾಕ್ಯವನ್ನು ಅನೇಕರು ಓದಿಕೊಳ್ಳುವ ಬಗೆ ಹೀಗಿದೆ: ಭಾರವಾದ ಕೆಲಸವೆಲ್ಲ ಪೂರೈಕೆದಾರನದು, ಲ್ಯಾಬ್ ಅವನ ಕಡತವನ್ನು ಇಟ್ಟುಕೊಂಡು, ಒಂದೆರಡು ಮಾದರಿ ಓಡಿಸಿ, ಒಂದು ಹಾಳೆಗೆ ಸಹಿ ಹಾಕಿದರೆ ಸಾಕು. ಈ ಓದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಡೆಂಗಿ ಕಾಲದಲ್ಲಿ ಪ್ರತಿ ಮನೆಯವರೂ ಕೇಳುವ ಒಂದೇ ಒಂದು ಸಂಖ್ಯೆಯಲ್ಲಿದೆ, ಪ್ಲೇಟ್‌ಲೆಟ್ ಎಣಿಕೆಯಲ್ಲಿ.

ಸಾಮಾನ್ಯವಾಗಿ ಒಪ್ಪಿತವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ವ್ಯಾಲಿಡೇಶನ್ ದಾಖಲೆಯನ್ನು ಮೂರು ಹಂತಗಳಲ್ಲಿ ಕಟ್ಟುವ ರೂಢಿ ಔಷಧ ತಯಾರಿಕೆಯ ಯಂತ್ರಗಳಿಂದ ಬಂದದ್ದು. ತಂತ್ರಾಂಶ ಸರಿಯಾದ ಆವೃತ್ತಿಯಲ್ಲಿ, ಸರಿಯಾದ ಯಂತ್ರದ ಮೇಲೆ ಕೂತಿದೆ ಎಂದು ತೋರಿಸುವುದು ಐಕ್ಯು. ಅದರ ಪ್ರತಿಯೊಂದು ಕಾರ್ಯವೂ ವಿವರಣೆಯಂತೆ ನಡೆಯುತ್ತದೆ, ಅಂಚಿನ ಮೌಲ್ಯಗಳಲ್ಲಿಯೂ ನಡೆಯುತ್ತದೆ ಎಂದು ತೋರಿಸುವುದು ಓಕ್ಯು. ಬಳಸುವ ಜಾಗದಲ್ಲಿ, ಬಳಸುವ ಜನರ ಕೈಯಲ್ಲಿ, ದಿನದ ಕೆಲಸಕ್ಕೆ ಒದಗುತ್ತದೆ ಎಂದು ತೋರಿಸುವುದು ಪಿಕ್ಯು. ಅಮೆರಿಕದ ಎಫ್‌ಡಿಎ 2002ರ ತನ್ನ ಮಾರ್ಗದರ್ಶಿಯಲ್ಲಿ, ಈ ಮೂರು ಹೆಸರುಗಳು ತಂತ್ರಾಂಶದವರಿಗೆ ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ ಎಂದು ಒಪ್ಪಿಕೊಂಡಿದೆ. ಅದೇ ಮಾರ್ಗದರ್ಶಿ ಬಳಕೆದಾರರ ಸ್ಥಳದ ಪರೀಕ್ಷೆಯನ್ನು ವ್ಯಾಲಿಡೇಶನ್ನಿನ ಅವಶ್ಯ ಭಾಗವೆಂದು ಎತ್ತಿಹಿಡಿದಿದೆ. ಆ ದಾಖಲೆ ಭಾರತದ ಲ್ಯಾಬುಗಳಿಗೆ ಕಾನೂನಲ್ಲ. ಅದರ ತರ್ಕವನ್ನಷ್ಟೇ ಇಲ್ಲಿ ಬಳಸಿಕೊಳ್ಳುತ್ತೇನೆ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. 2020ರ ಫೆಬ್ರವರಿಯ ಅಧಿಸೂಚನೆಯಿಂದ ತಂತ್ರಾಂಶವೂ ಸಾಧನದ ವ್ಯಾಖ್ಯೆಯೊಳಗೆ ಬಂತು. ಆದರೆ ರಕ್ತಕಣ ಎಣಿಸುವ ಯಂತ್ರದಿಂದ ಫಲಿತಾಂಶ ತಂದು ವರದಿ ಅಚ್ಚು ಹಾಕುವ ತಂತ್ರಾಂಶ ಆ ವ್ಯಾಖ್ಯೆಯ ಅಂಚಿನಲ್ಲೇ ನಿಲ್ಲುತ್ತದೆ. ಹಾಗಾಗಿ ಅದರ ಮಟ್ಟಿಗೆ ವ್ಯಾಲಿಡೇಶನ್ನಿನ ಹೊಣೆ ನಿಂತಿರುವುದು ಬಹುತೇಕ ಐಎಸ್‌ಒ 15189ರ ಆ ವಾಕ್ಯದ ಮೇಲೆ.

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರಿನ ಒಂದು ಸಣ್ಣ ಲ್ಯಾಬನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಇದು ನಾನು ವಾದಕ್ಕಾಗಿ ಕಟ್ಟಿಕೊಂಡ ಲ್ಯಾಬ್, ನಿಜವಾದ ಯಾವುದೋ ಲ್ಯಾಬಿನ ವರ್ಣನೆಯಲ್ಲ. ಒಂದು ರಕ್ತಕಣ ಎಣಿಕೆ ಯಂತ್ರ, ಒಂದು ಕಂಪ್ಯೂಟರ್, ಒಬ್ಬರೋ ಇಬ್ಬರೋ ಟೆಕ್ನೀಶಿಯನ್. ಯಂತ್ರ ಪ್ಲೇಟ್‌ಲೆಟ್ಟನ್ನು ಒಂದು ಮೈಕ್ರೋಲೀಟರಿಗೆ ಇಷ್ಟು ಸಾವಿರ ಎಂದು ಎಣಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಡಾಕ್ಟರೂ ರೋಗಿಯ ಮನೆಯವರೂ ಓದುವುದು ಲಕ್ಷದಲ್ಲಿ. ‘ಒಂದೂವರೆ ಲಕ್ಷದ ಮೇಲಿದ್ದರೆ ಪರವಾಗಿಲ್ಲ’ ಎಂಬ ಮಾತು ಕಾರಟಗಿಯಿಂದ ಕುಷ್ಟಗಿಯವರೆಗೆ ಎಲ್ಲರ ಬಾಯಲ್ಲಿದೆ. ಆದ್ದರಿಂದ ತಂತ್ರಾಂಶ ಕೂರಿಸುವ ದಿನ ಒಂದು ಸೆಟ್ಟಿಂಗ್ ಮಾಡುತ್ತಾರೆ: ಬಂದ ಸಂಖ್ಯೆಯನ್ನು ನೂರರಿಂದ ಭಾಗಿಸು, ‘ಲಕ್ಷ’ ಎಂದು ಅಚ್ಚು ಹಾಕು. ಯಂತ್ರದಿಂದ ಬರುವ ಸಾಲು ಹೀಗಿರುತ್ತದೆ:

```
OBX|8|NM|777-3^PLT^LN||9|10*3/uL|150-450|L|||F
```

ಇಲ್ಲಿ `9` ಎಂದರೆ ಒಂಬತ್ತು ಸಾವಿರ. ಪಕ್ಕದ `10*3/uL` ಯೂನಿಟ್, ಅದರ ಮುಂದಿನದು ಸಾಮಾನ್ಯ ಮಿತಿ, `L` ಎಂಬುದು ಕಡಿಮೆ ಇದೆಯೆಂಬ ಗುರುತು. ನೂರರಿಂದ ಭಾಗಿಸಿದರೆ 0.09 ಲಕ್ಷ. ವರದಿಯ ನಮೂನೆಯಲ್ಲಿ ದಶಾಂಶ ಒಂದೇ ಸ್ಥಾನಕ್ಕೆ ಇಟ್ಟಿದ್ದರೆ ಕಾಗದದ ಮೇಲೆ ಬೀಳುವುದು 0.1. ಅಂದರೆ ಹತ್ತು ಸಾವಿರ. ರಕ್ತಸ್ರಾವ ಕಾಣದಿದ್ದರೂ ಹತ್ತು ಸಾವಿರಕ್ಕಿಂತ ಕೆಳಗಿಳಿದರೆ ಪ್ಲೇಟ್‌ಲೆಟ್ ಕೊಡುವ ವಿಚಾರ ಬರುತ್ತದೆ. ಆ ಗೆರೆಯ ಎರಡೂ ಬದಿ ಇಲ್ಲಿ ಒಂದೇ ಆಗಿಹೋಗಿದೆ. ಏಳು ಸಾವಿರವೂ ಹದಿಮೂರು ಸಾವಿರವೂ 0.1 ಎಂದೇ ಬರುತ್ತವೆ. ನಾಲ್ಕು ಸಾವಿರ 0.0 ಆಗುತ್ತದೆ. ಮೇಲಿನ ತುದಿಯಲ್ಲೂ ಇದೇ ಪಾಡು: ಒಂದು ಲಕ್ಷ ನಲವತ್ತೊಂಬತ್ತು ಸಾವಿರ 1.5 ಎಂದು ಅಚ್ಚಾಗುತ್ತದೆ. ‘ಕಡಿಮೆ’ ಎಂಬ ಗುರುತನ್ನು ತಂತ್ರಾಂಶ ಭಾಗಿಸುವ ಮುನ್ನ ಹಾಕಿದರೆ 1.5ರ ಪಕ್ಕ `L` ನಿಂತು ಓದುವವರನ್ನು ಗೊಂದಲಕ್ಕೆ ಕೆಡವುತ್ತದೆ. ಅಂಕಿಯನ್ನು ಮೊಟಕು ಮಾಡಿದ ಮೇಲೆ ಹಾಕಿದರೆ ಗುರುತೇ ಇರುವುದಿಲ್ಲ.

ಯಂತ್ರ ಸಾವಿರದ ಲೆಕ್ಕದಲ್ಲಿ ಪೂರ್ಣಾಂಕವನ್ನಷ್ಟೇ ಕಳಿಸುತ್ತಿದ್ದರೆ ನೂರರಿಂದ ಭಾಗಿಸಿದಾಗ ಎರಡು ದಶಾಂಶ ಸ್ಥಾನಕ್ಕಿಂತ ಹೆಚ್ಚು ಎಂದೂ ಬೇಕಾಗುವುದಿಲ್ಲ, ಎರಡಕ್ಕಿಂತ ಕಡಿಮೆಯಾದರೆ ಮಾಹಿತಿ ಖಂಡಿತ ಕಳೆದುಹೋಗುತ್ತದೆ. ಅಗತ್ಯಗಳ ಪಟ್ಟಿಯಲ್ಲಿ ‘ಪ್ಲೇಟ್‌ಲೆಟ್ ಲಕ್ಷದಲ್ಲಿ ಬರಬೇಕು’ ಎಂದಷ್ಟೇ ಬರೆದರೆ ಈ ತಪ್ಪಿಗೆ ಬಾಗಿಲು ತೆರೆದಿಟ್ಟಂತೆ. ‘ಲಕ್ಷದಲ್ಲಿ, ಎರಡು ದಶಾಂಶ ಸ್ಥಾನದಲ್ಲಿ, ಕಡಿಮೆ ಎಂಬ ಗುರುತು ಯಂತ್ರ ಕೊಟ್ಟ ಮೂಲ ಸಂಖ್ಯೆಯ ಮೇಲೆ’ ಎಂದು ಬರೆದರೆ ಮಾತ್ರ ಅದನ್ನು ಪರೀಕ್ಷಿಸಿ ನೋಡಲು ಬರುತ್ತದೆ.

ಇನ್ನು ವಿವಾದದ ತಿರುಳು. ಪೂರೈಕೆದಾರನ ಓಕ್ಯು ಕಡತ ಈ ತಪ್ಪನ್ನು ಹಿಡಿಯಬಲ್ಲುದೆ? ಹಿಡಿಯಲಾರದು ಎಂಬುದು ನನ್ನ ವಾದ. ಪೂರೈಕೆದಾರ ಬಹಳ ಶ್ರದ್ಧೆಯಿಂದ ಪರೀಕ್ಷಿಸಿರಬಹುದು. ಪರಿವರ್ತನೆಯ ಸೂತ್ರ, ದಶಾಂಶ ಸ್ಥಾನದ ಆಯ್ಕೆ, ಗುರುತು ಹಾಕುವ ಕ್ರಮ ಪ್ರತಿಯೊಂದೂ ಅವನ ಕಚೇರಿಯಲ್ಲಿ ಪಾಸಾಗಿರಬಹುದು. ಆದರೆ ‘ನೂರರಿಂದ ಭಾಗಿಸು, ಒಂದು ಸ್ಥಾನ ತೋರಿಸು’ ಎಂಬ ಜೋಡಣೆ ಹುಟ್ಟಿದ್ದು ಈ ಲ್ಯಾಬಿನಲ್ಲಿ, ತಂತ್ರಾಂಶ ಕೂರಿಸಿದ ದಿನ. ಅಲ್ಲಿಯವರೆಗೆ ಇಲ್ಲದೇ ಇದ್ದದ್ದರ ಬಗ್ಗೆ ಅದಕ್ಕೂ ಮೊದಲಿನ ಕಡತ ಏನನ್ನೂ ಹೇಳಲಾರದು. ಐಎಸ್‌ಒ 15189ರ ಅದೇ ಭಾಗ, ಸೆಟ್ಟಿಂಗಿನ ಬದಲಾವಣೆಯನ್ನೂ ಜಾರಿಗೆ ತರುವ ಮುನ್ನ ವ್ಯಾಲಿಡೇಟ್ ಮಾಡಿ ದಾಖಲಿಸಬೇಕು ಎನ್ನುತ್ತದೆ. ಆರಂಭದಲ್ಲಿ ಹೇಳಿದ ಹಗುರವಾದ ಓದು ಆ ವಾಕ್ಯವನ್ನು ಕಡೆಗಣಿಸುತ್ತದೆ.

ನ್ಯಾನ್ಸಿ ಲೆವ್ಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಪ್ರಕಟಿಸಿದ ಥೆರಾಕ್-25 ವಿಕಿರಣ ಯಂತ್ರದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಹಿಂದಿನ ಥೆರಾಕ್-20 ಯಂತ್ರದ ತಂತ್ರಾಂಶದಲ್ಲೂ ಸಂಬಂಧಿಸಿದ ದೋಷವಿತ್ತು, ಆದರೆ ಅಲ್ಲಿ ಯಂತ್ರಾಂಶದ ಪ್ರತ್ಯೇಕ ತಡೆಗಳು ಅನಾಹುತವನ್ನು ತಡೆದಿದ್ದವು. ಆ ತಡೆಗಳಿಲ್ಲದ ಹೊಸ ಯಂತ್ರದಲ್ಲಿ ದೋಷ ರೋಗಿಗಳ ಮೈಮೇಲೆ ಬಂತು. 1985ರಿಂದ 1987ರ ನಡುವೆ ಆರು ಅವಘಡಗಳಾದವು. ಒಂದು ಪರಿಸರದಲ್ಲಿ ಸಿಕ್ಕ ಭರವಸೆಯನ್ನು ಇನ್ನೊಂದಕ್ಕೆ ಹೊತ್ತೊಯ್ಯುವಂತಿಲ್ಲ. ಪ್ಲೇಟ್‌ಲೆಟ್ಟಿನ ದಶಾಂಶವನ್ನು ಆ ದುರಂತಕ್ಕೆ ಸಮ ಎನ್ನುತ್ತಿಲ್ಲ. ದೋಷ ಅವಿತುಕೊಳ್ಳುವ ಬಗೆ ಮಾತ್ರ ಒಂದೇ.

ದಶಾಂಶದ ತಪ್ಪಿಗಿಂತ ಹಿಡಿಯಲು ಕಷ್ಟವಾದ ಇನ್ನೊಂದು ಸಂದರ್ಭವಿದೆ. ಕೆಲವು ರಕ್ತಕಣ ಯಂತ್ರಗಳಲ್ಲಿ ಯೂನಿಟ್ಟನ್ನು ಬದಲಿಸಬಹುದು. ಹತ್ತು ಸಾವಿರದ ಲೆಕ್ಕ, ಅಂದರೆ `10*4/uL`, ಜಪಾನಿನಲ್ಲಿ ಚಾಲ್ತಿಯಲ್ಲಿದೆ. ಸರ್ವಿಸ್ ಮಾಡುವಾಗ ಯಂತ್ರ ಆ ಸೆಟ್ಟಿಂಗಿಗೆ ಹೋಯಿತು ಎನ್ನೋಣ. ಆರೋಗ್ಯವಂತನ ಎರಡೂವರೆ ಲಕ್ಷ ಈಗ 25.0 ಎಂದು ಬರುತ್ತದೆ. ತಂತ್ರಾಂಶ ಯೂನಿಟ್ ಓದದೆ ನೂರರಿಂದ ಭಾಗಿಸಿ 0.25 ಲಕ್ಷ ಎಂದು ಅಚ್ಚು ಹಾಕುತ್ತದೆ. ಇಪ್ಪತ್ತೈದು ಸಾವಿರ! ಇದು ಅಸಂಬದ್ಧವಾಗಿ ಕಾಣುವ ಸಂಖ್ಯೆಯಲ್ಲ. ಜ್ವರದ ಕಾಲದಲ್ಲಿ ಯಾರೂ ಇದನ್ನು ಅನುಮಾನಿಸುವುದಿಲ್ಲ. ರೋಗಿಯನ್ನು ಕೊಪ್ಪಳಕ್ಕೋ ಬಳ್ಳಾರಿಗೋ ಕಳಿಸಿಬಿಡುತ್ತಾರೆ. ತಂತ್ರಾಂಶ ಸಂಖ್ಯೆಯ ಜೊತೆ ಯೂನಿಟ್ಟನ್ನೂ ಹೋಲಿಸಿ, ಗೊತ್ತಿಲ್ಲದ್ದು ಬಂದರೆ ವರದಿಯನ್ನು ತಡೆಯುತ್ತದೆಯೇ ಎಂಬುದನ್ನು ಪಿಕ್ಯು ನೋಡಲೇಬೇಕು. ಹಾಗೆಂದು `10*9/L` ಎಂದು ಬಂದುದನ್ನು ತಡೆಯಬಾರದು. ಅದರಲ್ಲಿ ಸಂಖ್ಯೆ ಬದಲಾಗುವುದಿಲ್ಲ.

ಹಾಗಾದರೆ ಸಾಕ್ಷ್ಯ ಹೇಗಿರಬೇಕು? ಎರಡು ಬಗೆಯದು ಬೇಕು, ಒಂದು ಇನ್ನೊಂದಕ್ಕೆ ಬದಲಿಯಲ್ಲ. ಮೊದಲನೆಯದರಲ್ಲಿ ಮೇಲಿನಂಥ ಸಾಲುಗಳನ್ನು ಪರೀಕ್ಷಾ ರೋಗಿಯ ಹೆಸರಿನಲ್ಲಿ ತಂತ್ರಾಂಶಕ್ಕೆ ಕೊಡುವುದು. 4, 9, 10, 14, 99, 149, 150, 450, 451 ಇಷ್ಟು ಮೌಲ್ಯಗಳು. ಬೇರೆ ಯೂನಿಟ್ಟಿನ ಒಂದು ಸಾಲು. ಎಣಿಸಲಾಗದಿದ್ದಾಗ ಯಂತ್ರ ಸಂಖ್ಯೆಯ ಜಾಗದಲ್ಲಿ ಕಳಿಸುವ ಗೆರೆಗಳು ಅಥವಾ ನಕ್ಷತ್ರಗಳ ಒಂದು ಸಾಲು, ಅದನ್ನು ತಂತ್ರಾಂಶ ಸೊನ್ನೆ ಮಾಡಿಬಿಡುತ್ತದೆಯೇ ಎಂದು ತಿಳಿಯಲು. ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಓಡಿಸುವ ಮುನ್ನವೇ ಬರೆದು ತಾರೀಖು ಹಾಕಿರಬೇಕು. ಉತ್ತರ ನೋಡಿದ ಮೇಲೆ ‘ಸರಿಯಿದೆ’ ಎಂದು ಬರೆದದ್ದು ಸಾಕ್ಷ್ಯವಲ್ಲ. ಆದರೆ ಈ ವಿಧಾನ ಯಂತ್ರದ ಸೆಟ್ಟಿಂಗನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಎರಡನೆಯದು: ನಿಜವಾದ ರಕ್ತದ ಮಾದರಿಯನ್ನು ಯಂತ್ರದಲ್ಲಿ ಓಡಿಸಿ, ಯಂತ್ರದ ಸ್ವಂತ ಚೀಟಿಯನ್ನೂ ಅಂತಿಮ ವರದಿಯನ್ನೂ ಒಟ್ಟಿಗೆ ಪಿನ್ ಮಾಡಿ ಇಡುವುದು.

ಕಂಪ್ಯೂಟರ್ ಪರದೆಯ ಚಿತ್ರ ತೆಗೆದಿಟ್ಟರೆ ಸಾಕೆಂಬ ಅಭ್ಯಾಸ ಬಲವಾಗಿದೆ. ಪರದೆಯಲ್ಲಿ 0.09 ಎಂದಿದ್ದು, ವಾಟ್ಸಾಪಿನಲ್ಲಿ ರೋಗಿಗೆ ಹೋಗುವ ಪಿಡಿಎಫ್‌ನಲ್ಲಿ 0.1 ಆಗುವುದು ಸಾಧ್ಯ, ಏಕೆಂದರೆ ಅಂಕಿ ಮೊಟಕಾಗುವುದು ಅನೇಕ ಬಾರಿ ಅಚ್ಚಿನ ನಮೂನೆಯಲ್ಲಿ. ಡಾಕ್ಟರ್ ಕೈಗೆ ಯಾವುದು ಸೇರುತ್ತದೋ ಅದೇ ಸಾಕ್ಷ್ಯ. ಮುದ್ರಿತ ಪ್ರತಿ, ಪಿಡಿಎಫ್ ಎರಡೂ ಹೋಗುತ್ತವೆಂದಾದರೆ ಎರಡನ್ನೂ ಇಡಬೇಕು. ಜೊತೆಗೆ ತಂತ್ರಾಂಶದ ಆವೃತ್ತಿ, ಸೆಟ್ಟಿಂಗ್ ಪುಟದ ಪ್ರತಿ, ಮಾಡಿದವರ ಮತ್ತು ನೋಡಿದವರ ಸಹಿ. ತಂತ್ರಾಂಶ ಅಪ್‌ಡೇಟ್ ಆದಾಗ, ಯಂತ್ರ ಸರ್ವಿಸ್ ಆದಾಗ, ವರದಿಯ ನಮೂನೆ ಬದಲಾದಾಗ ಇದೇ ಗುಚ್ಛವನ್ನು ಮತ್ತೆ ಓಡಿಸಬೇಕು. ಸಾಲುಗಳು ಒಮ್ಮೆ ಸಿದ್ಧವಿದ್ದರೆ ಅದು ದೊಡ್ಡ ಕೆಲಸವೇನಲ್ಲ.

ಇದರಿಂದ ಒಂದು ದಿಟ್ಟ ಮಾತಿಗೆ ಬರುತ್ತೇನೆ: ಇಂಥ ಲ್ಯಾಬಿನ ಕಡತದಲ್ಲಿ ಐಕ್ಯು ತೆಳ್ಳಗಿರಬಹುದು, ಓಕ್ಯುವನ್ನು ಬಹುಮಟ್ಟಿಗೆ ಪೂರೈಕೆದಾರನಿಂದ ಪಡೆಯಬಹುದು, ಆದರೆ ಪಿಕ್ಯು ಎಲ್ಲಕ್ಕಿಂತ ದಪ್ಪಗಿರಬೇಕು. ಈ ಮಾತಿಗೆ ಮಿತಿಗಳಿವೆ. ಎಲ್ಲ ಗ್ರಾಹಕರಿಗೂ ಲಕ್ಷದ ಪರಿವರ್ತನೆಯನ್ನು ಬದಲಿಸಲಾಗದಂತೆ ಬೀಗ ಹಾಕಿ ಕೊಡುವ ಪೂರೈಕೆದಾರನಿದ್ದರೆ ಅವನ ಪರೀಕ್ಷೆಗೆ ಹೆಚ್ಚು ಬೆಲೆ ಸಲ್ಲುತ್ತದೆ, ಲ್ಯಾಬಿಗೆ ಯಂತ್ರದ ಕಡೆಯ ಹೋಲಿಕೆ ಮಾತ್ರ ಉಳಿಯುತ್ತದೆ. ಪರಿವರ್ತನೆಯೇ ಬೇಡ, ಸಾವಿರದಲ್ಲೇ ವರದಿ ಕೊಡೋಣ ಎನ್ನುವವರೂ ಇದ್ದಾರೆ. ತಂತ್ರಾಂಶದ ದೃಷ್ಟಿಯಿಂದ ಅದು ಸ್ವಚ್ಛ. ಆದರೆ ಲಕ್ಷದಲ್ಲಿ ಓದಿ ರೂಢಿಯಾದ ಕಣ್ಣಿಗೆ 150 ಎಂಬುದು ಏನು ಹೇಳುತ್ತದೆ ಎಂಬ ಅಪಾಯವನ್ನು ಅದು ಓದುವವರ ಕಡೆಗೆ ತಳ್ಳುತ್ತದೆ, ಮತ್ತು ಆ ಅಪಾಯವನ್ನು ಅಳೆಯುವ ವಿಧಾನ ವ್ಯಾಲಿಡೇಶನ್ ಕಡತದ ಹೊರಗಿದೆ. ಹಿಮೋಗ್ಲೋಬಿನ್‌ನಂತೆ ಪರಿವರ್ತನೆಯಿಲ್ಲದೆ ಹೋಗುವ ಫಲಿತಾಂಶಗಳಿಗೆ ಈ ವಾದ ಇಷ್ಟೇ ಬಲವಾಗಿ ಅನ್ವಯಿಸುವುದೂ ಇಲ್ಲ.

ಬಿಡಿಸದೆ ಉಳಿದ ಪ್ರಶ್ನೆಗಳಲ್ಲಿ ಎರಡು ಮುಖ್ಯ. ಪರೀಕ್ಷೆ ಮಾಡುವವರು, ನೋಡಿ ಸಹಿ ಹಾಕುವವರು ಬೇರೆ ಬೇರೆ ಇರಬೇಕೆಂಬುದು ರೂಢಿ. ಒಬ್ಬರೇ ಟೆಕ್ನೀಶಿಯನ್ ಇರುವ ಕಡೆ ಆ ಎರಡನೆಯ ಸಹಿ ಯಾರದು? ವರದಿಗೆ ಸಹಿ ಹಾಕುವ ಪೆಥಾಲಜಿಸ್ಟ್ ಎನ್ನಬಹುದು. ಆದರೆ ಅವರು ಹಲವು ಊರಿನ ಲ್ಯಾಬುಗಳನ್ನು ನೋಡಿಕೊಳ್ಳುವವರಾದರೆ ಸೆಟ್ಟಿಂಗ್ ಪುಟವನ್ನು ಖುದ್ದಾಗಿ ನೋಡುವುದು ಎಷ್ಟರಮಟ್ಟಿಗೆ ಸಾಧ್ಯವೋ ವಿಚಾರಿಸಬೇಕು. ಇನ್ನೊಂದು, ಕ್ಲೌಡಿನಲ್ಲಿರುವ ತಂತ್ರಾಂಶ ಲ್ಯಾಬಿಗೆ ಹೇಳದೆಯೇ ರಾತ್ರೋರಾತ್ರಿ ಅಪ್‌ಡೇಟ್ ಆದರೆ ಪಿಕ್ಯುವನ್ನು ಮತ್ತೆ ಓಡಿಸಬೇಕಾದ ಗಳಿಗೆ ಯಾವುದು ಎಂಬುದು. ಪ್ರತಿದಿನ ಬೆಳಿಗ್ಗೆ ಕಂಟ್ರೋಲ್ ಓಡಿಸುವಾಗಲೇ 9 ಮತ್ತು 149ರ ಸಾಲುಗಳನ್ನೂ ಓಡಿಸಿ ವರದಿ ತೆಗೆದು ನೋಡುವುದು ಒಂದು ದಾರಿ ಎಂದು ನನಗೆ ತೋರುತ್ತದೆ. ಅಷ್ಟು ಕಡಿಮೆ ಸಾಲುಗಳಿಂದ ಯಾವ ಬಗೆಯ ಬದಲಾವಣೆಗಳು ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಲ್ಯಾಬುಗಳಲ್ಲಿ ಕೆಲಕಾಲ ಮಾಡಿ ನೋಡಿಯೇ ತೀರ್ಮಾನಿಸಬೇಕು.