ಸಂಗತಿ, ಮನವಿ, ಕೋರಿಕೆ: ಮಲಿನ ಕೆರೆಯ ಅರ್ಜಿಯ ರಚನೆ ಕುರಿತು ತಾಳವಾಡಿಯ ನೆಲೆಯಿಂದ ಒಂದು ಅಧ್ಯಯನ

ಪ್ರಸ್ತಾವನೆ

ಕೆರೆ ಕೆಟ್ಟಿದೆ ಎಂಬ ಅಳಲು ನ್ಯಾಯಾಲಯದ ಮೆಟ್ಟಿಲೇರಿದಾಗ ಅದು ಅರ್ಜಿಯ ರೂಪ ತಾಳಬೇಕು. ಆ ಅರ್ಜಿಗೆ ಮೂರು ಭಾಗಗಳಿವೆ: ತಳಹದಿಯ ಸಂಗತಿಗಳು, ಅಧಿಕಾರಿಗಳಿಗೆ ಮೊದಲೇ ಸಲ್ಲಿಸಿದ ಮನವಿಗಳು ಮತ್ತು ಕೊನೆಯ ಕೋರಿಕೆ. ಈ ಮೂರನ್ನೂ ಬೇರೆಬೇರೆಯಾಗಿ ಬರೆದು ಜೋಡಿಸುವುದೇ ರೂಢಿ. ಅವು ಒಂದೇ ಅಳತೆಯಲ್ಲಿರಬೇಕು ಎಂಬುದು ಈ ಲೇಖನದ ವಾದ. ಪ್ರತಿ ಕೋರಿಕೆಯ ಹಿಂದೆ ಅಳೆದು ನೋಡಿದ ಒಂದು ಸಂಗತಿ ಇರಬೇಕು. ಅದೇ ಕೋರಿಕೆಯನ್ನು ಅಧಿಕಾರಿಯ ಮುಂದೆ ಇಟ್ಟ ದಾಖಲೆಯೂ ಇರಬೇಕು. ಹಾಗಿಲ್ಲದ ಕೋರಿಕೆ ಬಿದ್ದುಹೋಗುತ್ತದೆ, ಇಲ್ಲವೇ ಮಂಜೂರಾದರೂ ಜಾರಿಯಾಗುವುದಿಲ್ಲ.

ಈ ವಾದವನ್ನು ಪರೀಕ್ಷಿಸಲು ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಇಲ್ಲಿನ ಬಹುಪಾಲು ಜನರ ಮನೆಮಾತು ಕನ್ನಡ, ಆಡಳಿತ ತಮಿಳುನಾಡಿನದು. ಇಲ್ಲಿನ ಹಳ್ಳಗಳ ನೀರು ರಾಜ್ಯದ ಗಡಿ ದಾಟಿ ಚಾಮರಾಜನಗರದ ಕಡೆಗೆ ಹರಿಯುತ್ತದೆ. ಅರ್ಜಿ ಯಾವ ಭಾಷೆಯಲ್ಲಿ, ಯಾವ ಕಚೇರಿಗೆ, ಯಾವ ನ್ಯಾಯಪೀಠಕ್ಕೆ ಎಂಬ ಪ್ರಶ್ನೆಗಳು ಬೇರೆಡೆಗಿಂತ ಇಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ನೊಯ್ಯಲ್ ಪ್ರಕರಣ: ಉಪಕರಣ ಕೇಳುವುದು, ಫಲ ಕೇಳುವುದು

ತಾಳವಾಡಿಗೆ ಹತ್ತಿರದ ದೊಡ್ಡ ನಿದರ್ಶನ ಚೆನ್ನಿಮಲೈ ಸಮೀಪದ ಒರತುಪ್ಪಾಳಯಂ ಜಲಾಶಯ. ನೊಯ್ಯಲ್ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆ 1992ರಲ್ಲಿ ನೀರಾವರಿಗಾಗಿ ಸಿದ್ಧವಾಯಿತು. ಮೇಲ್ಭಾಗದಲ್ಲಿದ್ದ ತಿರುಪ್ಪೂರಿನ ಬಣ್ಣಗಾರಿಕೆ ಘಟಕಗಳ ತ್ಯಾಜ್ಯ ನೀರು ಕೆಲವೇ ವರ್ಷಗಳಲ್ಲಿ ಅದನ್ನು ಉಪ್ಪುನೀರಿನ ತೊಟ್ಟಿಯಾಗಿಸಿತು. ಕೆಳಭಾಗದ ರೈತರ ಬಾವಿಗಳೂ ಹೊಲಗಳೂ ಕೆಟ್ಟವು.

ಕರೂರಿನ ನೊಯ್ಯಲ್ ಕಾಲುವೆಯ ರೈತರ ಸಂಘ 1996ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1998ರ ಫೆಬ್ರುವರಿಯ ಆದೇಶ ಘಟಕಗಳು ತ್ಯಾಜ್ಯ ಸಂಸ್ಕರಣಾ ವ್ಯವಸ್ಥೆ ಹೊಂದುವುದರ ಮೇಲೆ ನಿಂತಿತ್ತು. ಘಟಕಗಳು ವ್ಯವಸ್ಥೆ ಕಟ್ಟಿಕೊಂಡವು, ಜಲಾಶಯ ಮಾತ್ರ ಉಪ್ಪಾಗಿಯೇ ಉಳಿಯಿತು. ಕಾರಣ ರಸಾಯನಶಾಸ್ತ್ರದಲ್ಲಿದೆ. ಸಾಮಾನ್ಯ ಸಂಸ್ಕರಣೆ ಬಣ್ಣವನ್ನೂ ಸಾವಯವ ಕೊಳೆಯನ್ನೂ ತೆಗೆಯಬಲ್ಲದು. ಬಟ್ಟೆಗೆ ಬಣ್ಣ ಹಿಡಿಸಲು ಬಳಸುವ ಉಪ್ಪು ನೀರಿನಲ್ಲಿ ಕರಗಿರುತ್ತದೆ. ಅದನ್ನು ತೆಗೆಯಲು ವಿಲೋಮ ಪರಾಸರಣ ಬೇಕು, ಆಮೇಲೆ ಉಳಿಯುವ ಗಟ್ಟಿ ಉಪ್ಪುನೀರನ್ನು ಆವಿಯಾಗಿಸಬೇಕು. ಆದೇಶ ಉಪಕರಣವನ್ನು ಕೇಳಿತ್ತು, ಉಪಕರಣ ಬಂತು. ರೈತನಿಗೆ ಬೇಕಾದ ಫಲ ಬರಲಿಲ್ಲ.

ನೊಯ್ಯಲ್ ನದಿ ಆಯಕಟ್ಟುದಾರರ ಸಂರಕ್ಷಣಾ ಸಂಘ 2003ರಲ್ಲಿ ಮತ್ತೆ ಅರ್ಜಿ ಹಾಕಿತು. 2006ರ ಡಿಸೆಂಬರ್ 22ರ ತೀರ್ಪಿನ ಸ್ವರೂಪವೇ ಬೇರೆ. 2007ರ ಜುಲೈ 31ರೊಳಗೆ ಒಂದು ಹನಿ ತ್ಯಾಜ್ಯವೂ ಹೊರಹೋಗದ ಸ್ಥಿತಿ ತಲುಪಬೇಕು ಎಂದು ಅದು ಗಡುವು ಹಾಕಿತು. ಅಲ್ಲಿಯವರೆಗೆ ಬಿಡುವ ಪ್ರತಿ ಲೀಟರಿಗೆ ಮೊದಲು 6 ಪೈಸೆ, ನಂತರ 8, ಕೊನೆಗೆ 10 ಪೈಸೆ ದಂಡ ಗೊತ್ತುಮಾಡಿತು. ಸರ್ವೋಚ್ಚ ನ್ಯಾಯಾಲಯ 2009ರ ಅಕ್ಟೋಬರ್ 6ರಂದು ಈ ತೀರ್ಪನ್ನು ಎತ್ತಿಹಿಡಿದು, ಗುರಿ ಮುಟ್ಟಲು ಮೂರು ತಿಂಗಳು ಕೊಟ್ಟಿತು. ಗುರಿ ಮುಟ್ಟದಿದ್ದಾಗ 2011ರ ಜನವರಿ 28ರಂದು ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯ ಘಟಕಗಳನ್ನು ಮುಚ್ಚಿಸಿ ವಿದ್ಯುತ್ ಕಡಿತಕ್ಕೆ ಆದೇಶಿಸಿತು.

ಇಲ್ಲಿಂದ ಸಿಗುವ ಸೂತ್ರ ಸರಳವಾದುದು. ನಿಂದನೆಯ ಪ್ರಕರಣ ನಿಲ್ಲಬೇಕಾದರೆ ಮೂಲ ಆದೇಶ ಯಾರು, ಏನು, ಯಾವಾಗ ಎಂಬುದನ್ನು ಸಂದೇಹವಿಲ್ಲದೆ ಹೇಳಿರಬೇಕು. ಅರ್ಜಿಯ ಕೋರಿಕೆ ಆ ಮೂರನ್ನು ಮೊದಲೇ ಹೇಳಿದ್ದರೆ ನ್ಯಾಯಾಲಯ ಹಾಗೆ ಆದೇಶಿಸುವುದು ಸುಲಭವಾಗುತ್ತದೆ. ಕೋರಿಕೆಯನ್ನು ಕಿರಿದಾಗಿಸುವುದೆಂದರೆ ಕಡಿಮೆ ಕೇಳುವುದಲ್ಲ. ಅಳೆದು ನೋಡಬಹುದಾದ ಫಲವನ್ನು ಕೇಳುವುದು.

ಬೆಂಗಳೂರಿನ ಅಗರ ಕೆರೆ: ಅಗಲವಾದ ಪರಿಹಾರದ ಗತಿ

ಎದುರಿನ ನಿದರ್ಶನ ಬೆಂಗಳೂರಿನದು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ನೆಲದಲ್ಲಿ ಎದ್ದ ಕಟ್ಟಡ ಯೋಜನೆಗಳ ವಿರುದ್ಧ ಫಾರ್ವರ್ಡ್ ಫೌಂಡೇಶನ್ ಮತ್ತಿತರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 2014ರಲ್ಲಿ ಹೋದರು. ಮಂಡಳಿ 2016ರ ಮೇ 4ರಂದು ಆ ಯೋಜನೆಗಳ ಮಟ್ಟಕ್ಕೆ ನಿಲ್ಲದೆ, ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 35, ತೃತೀಯಕ್ಕೆ 25 ಮೀಟರ್ ಮೀಸಲು ವಲಯ ವಿಧಿಸಿತು. ಶಾಸನಬದ್ಧವಾದ ನಗರ ಮಹಾಯೋಜನೆಯಲ್ಲಿ ಕೆರೆಗೆ ಇದ್ದದ್ದು 30 ಮೀಟರ್. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ವಿವಾದವನ್ನು ಕೇಳುವ ಮಂಡಳಿಯ ಅಧಿಕಾರವನ್ನು ಒಪ್ಪಿತು. ಆದರೆ ಮಹಾಯೋಜನೆಯನ್ನು ಮೀರಿ ಮೀಸಲು ವಲಯ ಹಿಗ್ಗಿಸಿದ ಭಾಗವನ್ನು ರದ್ದುಮಾಡಿತು.

ಪರಿಸರದ ದೃಷ್ಟಿಯಿಂದ 75 ಮೀಟರ್ ಒಳ್ಳೆಯದೇ ಆಗಿದ್ದಿರಬಹುದು. ಬಿದ್ದದ್ದು ಅದರ ಒಳ್ಳೆಯತನವಲ್ಲ. ನಿರ್ದಿಷ್ಟ ಉಲ್ಲಂಘನೆಯ ವಿಚಾರಣೆಯಲ್ಲಿ ಇಡೀ ನಗರಕ್ಕೆ ನಿಯಮ ಬರೆಯುವ ಅಧಿಕಾರ. ತಾಳವಾಡಿಯ ಒಂದು ಕೆರೆಯ ಅರ್ಜಿಯಲ್ಲಿ ಜಿಲ್ಲೆಯ ಎಲ್ಲ ಕೆರೆಗಳ ರಕ್ಷಣೆಗೆ ನೀತಿ ರೂಪಿಸಲು ಆದೇಶಿಸಿ ಎಂದು ಸೇರಿಸುವವರು ಈ ತೀರ್ಪನ್ನು ಮೊದಲು ಓದಬೇಕು.

ತಳಹದಿಯ ಸಂಗತಿಗಳು

ಸೂತ್ರವನ್ನು ಬಳಸಿ ನೋಡಲು ತಾಳವಾಡಿ ತಾಲ್ಲೂಕಿನಲ್ಲಿ ಒಂದು ಊರ ಕೆರೆಯನ್ನು ಕಲ್ಪಿಸಿಕೊಳ್ಳೋಣ. ಊರಿನ ಕೊಳಚೆ ಒಂದು ಚರಂಡಿಯಿಂದ ಅದಕ್ಕೆ ಬೀಳುತ್ತದೆ. ದನಗಳು ಅಲ್ಲಿಯೇ ನೀರು ಕುಡಿಯುತ್ತವೆ. ಕೆರೆಯಂಚಿನ ಹೊಲಕ್ಕೆ ಅದೇ ನೀರು.

ಮೊದಲ ಸಂಗತಿ ಒಡೆತನ. ಗ್ರಾಮ ಲೆಕ್ಕದ ಅ-ರಿಜಿಸ್ಟರಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ ಮತ್ತು ಕೆರೆ ಪೊರಂಬೋಕು ಎಂಬ ವರ್ಗೀಕರಣ ಇರುತ್ತದೆ. ಅಳತೆ ನಕ್ಷೆ ಎಲ್ಲೆಯನ್ನು ತೋರಿಸುತ್ತದೆ. ತಮಿಳುನಾಡಿನಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಆಯಕಟ್ಟಿನ ಕೆರೆಗಳು ಸಾಮಾನ್ಯವಾಗಿ ಪಂಚಾಯತಿ ಒಕ್ಕೂಟದ ಹೊಣೆ, ಹೆಚ್ಚಿನವು ಜಲಸಂಪನ್ಮೂಲ ಇಲಾಖೆಯವು. ಇದು ತಪ್ಪಿದರೆ ಎದುರುದಾರರೇ ತಪ್ಪುತ್ತಾರೆ, ಮನವಿಯೂ ತಪ್ಪು ಕಚೇರಿಯಲ್ಲಿ ಉಳಿಯುತ್ತದೆ.

ಎರಡನೆಯದು ನೀರಿನ ಗುಣ. ನೀರು ಕುಲಗೆಟ್ಟಿದೆ ಎಂದರೆ ಸಾಲದು, ಯಾವ ಬಳಕೆಗೆ ಕೆಟ್ಟಿದೆ ಎಂದು ಹೇಳಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಐದು ವರ್ಗಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಜೈವಿಕ ಆಮ್ಲಜನಕ ಬೇಡಿಕೆ 3ನ್ನು ಮೀರಬಾರದು. ಮೀನು ಮತ್ತು ವನ್ಯಜೀವಿಗಳಿಗೆ ಆಮ್ಲಜನಕ ಕನಿಷ್ಠ 4. ನೀರಾವರಿಗೆ ವಿದ್ಯುತ್ ವಾಹಕತೆಯ ಮಿತಿ ಸೆಂಟಿಮೀಟರಿಗೆ 2250 ಮೈಕ್ರೋಸೀಮೆನ್ಸ್.

ಮಾದರಿ ತೆಗೆಯುವ ಹೊತ್ತೂ ಮುಖ್ಯ. ಪಾಚಿ ತುಂಬಿದ ಕೆರೆಯಲ್ಲಿ ನಡುಮಧ್ಯಾಹ್ನ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ, ಬಿಸಿಲಿಗೆ ಪಾಚಿಯೇ ಅದನ್ನು ಬಿಡುತ್ತಿರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಆಮ್ಲಜನಕ ಹೀರಿ, ನಸುಕಿನಲ್ಲಿ ಮಟ್ಟ ಪಾತಾಳ ಮುಟ್ಟುತ್ತದೆ; ಮೀನು ಸಾಯುವುದು ಆಗಲೇ. ಆದ್ದರಿಂದ ನಸುಕಿನ ಮಾದರಿಯೊಂದು, ಚರಂಡಿ ಬೀಳುವ ಬಾಯಲ್ಲಿ ಒಂದು, ಅದರ ಮೇಲ್ಭಾಗದಲ್ಲಿ ಒಂದು, ಕೋಡಿಯಲ್ಲಿ ಒಂದು ಬೇಕು. ಮೇಲಿನದಕ್ಕೂ ಬಾಯಿಯದಕ್ಕೂ ಇರುವ ವ್ಯತ್ಯಾಸವೇ ಮಾಲಿನ್ಯದ ಮೂಲವನ್ನು ತೋರಿಸುತ್ತದೆ. ಮಳೆಗಾಲದ ಒಂದೇ ಮಾದರಿ ಹಿಡಿದು ಹೋದರೆ ತೆಳುವಾದ ನೀರು ಅರ್ಜಿದಾರನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ.

ಅರ್ಜಿದಾರ ತಾನೇ ತೆಗೆಸಿದ ವರದಿಯನ್ನು ಅಂತಿಮ ಪುರಾವೆ ಎಂದು ಮಂಡಿಸಬಾರದು. 1974ರ ಜಲ ಕಾಯ್ದೆಯ 21ನೇ ಕಲಮು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತ್ಯಾಜ್ಯದ ಮಾದರಿ ತೆಗೆಯುವಾಗ ನೋಟಿಸು ಕೊಟ್ಟು, ಮಾದರಿಯನ್ನು ಭಾಗ ಮಾಡಿ, ಮೊಹರು ಹಾಕುವ ಕ್ರಮವನ್ನು ವಿಧಿಸುತ್ತದೆ. ಖಾಸಗಿ ವರದಿ ಮಂಡಳಿಯ ಪರೀಕ್ಷೆಯನ್ನು ಕೇಳಲು ಸಾಕಷ್ಟು ಕಾರಣ. ಅದರ ಕೆಲಸ ಅಷ್ಟೇ.

ಹಿಂದಿನ ಮನವಿಗಳು

ಪರಮಾದೇಶ ಕೇಳುವವನು ಮೊದಲು ಅಧಿಕಾರಿಯನ್ನು ಕೇಳಿರಬೇಕು, ಅಧಿಕಾರಿ ನಿರಾಕರಿಸಿರಬೇಕು ಅಥವಾ ಸುಮ್ಮನಿದ್ದಿರಬೇಕು. ಇದು ಬಹುಕಾಲದ ನಿಯಮ. ಸರಸ್ವತಿ ಇಂಡಸ್ಟ್ರಿಯಲ್ ಸಿಂಡಿಕೇಟ್ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒತ್ತಿ ಹೇಳಿತು. ಬಲವಂತ್ ಸಿಂಗ್ ಚೌಫಾಲ್ ಪ್ರಕರಣದ 2010ರ ತೀರ್ಪು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳಲ್ಲಿ ಅರ್ಜಿದಾರನ ಹಿನ್ನೆಲೆ ಮತ್ತು ಸಂಗತಿಗಳ ಸತ್ಯಾಸತ್ಯತೆಯನ್ನು ಮೊದಲೇ ಪರಿಶೀಲಿಸುವಂತೆ ಉಚ್ಚ ನ್ಯಾಯಾಲಯಗಳಿಗೆ ಸೂಚಿಸಿತು.

ತಾಳವಾಡಿಯ ಕನ್ನಡಿಗರಿಗೆ ಇಲ್ಲಿ ಸಂವಿಧಾನದ 350ನೇ ವಿಧಿ ನೆರವಾಗುತ್ತದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಕನ್ನಡದ ಮನವಿಯನ್ನು ಭಾಷೆಯ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಆದರೂ ತಮಿಳು ಅನುವಾದ ಲಗತ್ತಿಸುವುದು ಜಾಣತನ, ಕೆಳಹಂತದ ಗುಮಾಸ್ತರ ಮೇಜಿನಿಂದ ಕಡತ ಮುಂದೆ ಸಾಗಬೇಕಲ್ಲ. ಉಚ್ಚ ನ್ಯಾಯಾಲಯದ ಭಾಷೆ 348ನೇ ವಿಧಿಯಂತೆ ಇಂಗ್ಲಿಷ್, ಆದ್ದರಿಂದ ಮೂಲ ಮನವಿಯ ಇಂಗ್ಲಿಷ್ ಅನುವಾದವೂ ಅರ್ಜಿಯ ಜೊತೆ ಹೋಗಬೇಕು.

ಮನವಿ ಯಾರಿಗೆ ಹೋಗಬೇಕು ಎಂಬುದನ್ನು ಮೊದಲ ಸಂಗತಿಯೇ ನಿರ್ಧರಿಸುತ್ತದೆ: ಚರಂಡಿಗಾಗಿ ಗ್ರಾಮ ಪಂಚಾಯತಿಗೆ, ಕೆರೆಗಾಗಿ ಪಂಚಾಯತಿ ಒಕ್ಕೂಟಕ್ಕೆ, ಪರೀಕ್ಷೆಗಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಮೂರರ ಪ್ರತಿ ಜಿಲ್ಲಾಧಿಕಾರಿಗೆ. ಸೋಮವಾರದ ಅಹವಾಲು ದಿನ ಕೊಟ್ಟ ಅರ್ಜಿಗೆ ಸಿಗುವ ಸಂಖ್ಯೆಯನ್ನು ಜೋಪಾನ ಮಾಡಬೇಕು. ಉತ್ತರ ಬಾರದಿದ್ದರೆ ಕಡತದ ಸ್ಥಿತಿಯನ್ನು ಮಾಹಿತಿ ಹಕ್ಕಿನಡಿ ಕೇಳಬೇಕು. 30 ದಿನಗಳ ಗಡುವಿನ ಆ ಉತ್ತರ, ಅಥವಾ ಅದರ ಗೈರು, ನಿರಾಕರಣೆಯ ದಾಖಲೆಯಾಗುತ್ತದೆ. ಅನೇಕ ಅರ್ಜಿಗಳು ಮನವಿಯನ್ನು ಇಷ್ಟು ವಾರಗಳಲ್ಲಿ ಇತ್ಯರ್ಥಪಡಿಸಿ ಎಂಬ ಆದೇಶದಲ್ಲೇ ಮುಗಿಯುತ್ತವೆ. ಆಗ ಅಧಿಕಾರಿ ಉತ್ತರಿಸಬೇಕಾದದ್ದು ಮನವಿಗೆ. ಅದು ಮಸುಕಾಗಿದ್ದರೆ ಉತ್ತರವೂ ಮಸುಕಾಗುತ್ತದೆ.

ಕೋರಿಕೆ ಮತ್ತು ನ್ಯಾಯಪೀಠ

ಕಲ್ಪಿತ ಕೆರೆಗೆ ಕೋರಿಕೆಗಳು ನಾಲ್ಕೇ ಸಾಕು. ಒಂದು, ಮೇಲೆ ಹೇಳಿದ ನಾಲ್ಕು ಮಾದರಿಗಳನ್ನು ಮಂಡಳಿ ನಾಲ್ಕು ವಾರಗಳೊಳಗೆ ತೆಗೆದು ವರದಿ ಸಲ್ಲಿಸಬೇಕು. ಎರಡು, ಸರ್ವೆ ನಂಬರು ಹೆಸರಿಸಿ, ಇಂಥ ಚರಂಡಿಯ ಕೊಳಚೆ ಸಂಸ್ಕರಣೆಯಿಲ್ಲದೆ ಕೆರೆಗೆ ಬೀಳುವುದನ್ನು ಪಂಚಾಯತಿ ಇಂಥ ದಿನದೊಳಗೆ ನಿಲ್ಲಿಸಬೇಕು. ಮೂರು, ಕೆರೆಯ ಎಲ್ಲೆಯನ್ನು ಅಳತೆ ನಕ್ಷೆಯಂತೆ ಗುರುತಿಸಬೇಕು. ನಾಲ್ಕು, ನಸುಕಿನ ಆಮ್ಲಜನಕ 4ಕ್ಕೆ ಮರಳುವವರೆಗೆ ಮೂರು ತಿಂಗಳಿಗೊಮ್ಮೆ ಪಾಲನಾ ವರದಿ ಸಲ್ಲಿಸಬೇಕು. ಹೂಳೆತ್ತುವ ವಿಧಾನ, ಘಟಕದ ತಂತ್ರಜ್ಞಾನ, ಖರ್ಚಿನ ಬಾಬ್ತು ಇವುಗಳನ್ನು ಅಧಿಕಾರಿಗಳಿಗೆ ಬಿಡಬೇಕು. ನೊಯ್ಯಲ್‌ನ ಮೊದಲ ಆದೇಶ ಎಡವಿದ್ದು ಅಲ್ಲಿಯೇ.

ನ್ಯಾಯಪೀಠದ ಆಯ್ಕೆಯೂ ಕೋರಿಕೆಯನ್ನು ಅನುಸರಿಸುತ್ತದೆ. ಅಧಿಕಾರಿಯ ನಿಷ್ಕ್ರಿಯತೆಯೇ ತಿರುಳಾದರೆ ಚೆನ್ನೈನ ಉಚ್ಚ ನ್ಯಾಯಾಲಯದ 226ನೇ ವಿಧಿ ಸೂಕ್ತ. ಕೆರೆಯ ಪುನಶ್ಚೇತನ ಅಥವಾ ಪರಿಹಾರಧನ ತಿರುಳಾದರೆ ಹಸಿರು ನ್ಯಾಯಮಂಡಳಿ. ಚೆನ್ನೈನಲ್ಲಿರುವ ಅದರ ದಕ್ಷಿಣ ಪೀಠದ ವ್ಯಾಪ್ತಿಯಲ್ಲಿ ತಮಿಳುನಾಡು, ಕರ್ನಾಟಕ ಎರಡೂ ಇವೆ. ತಾಳವಾಡಿಯ ಕೊಳಚೆ ಗಡಿಯಾಚೆಗೆ ಹರಿದರೂ ಎರಡು ರಾಜ್ಯಗಳ ಅಧಿಕಾರಿಗಳನ್ನು ಒಂದೇ ಪ್ರಕರಣದಲ್ಲಿ ಕರೆಯಬಹುದು. ಆದರೆ ಕಾಲಮಿತಿ ಬಿಗಿಯಾಗಿದೆ. 2010ರ ಕಾಯ್ದೆಯ 14ನೇ ಕಲಮಿನಡಿ ದಾವಾ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, 15ನೇ ಕಲಮಿನಡಿ ಐದು ವರ್ಷ. ಎರಡಕ್ಕೂ ಸಾಕಷ್ಟು ಕಾರಣವಿದ್ದರೆ 60 ದಿನಗಳ ರಿಯಾಯಿತಿ. ಮನವಿಗಳ ಮೇಲೆ ಮನವಿ ಕೊಡುತ್ತ ಕೂತರೆ ಈ ಗಡುವು ಕೈತಪ್ಪುತ್ತದೆ.

ಸಮಾರೋಪ

ನೊಯ್ಯಲ್ ಮತ್ತು ಅಗರದ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೆರೆಯ ಅರ್ಜಿಯ ಬಲ ಅದರ ಆಕ್ರೋಶದಲ್ಲಿಲ್ಲ, ಅಳತೆಯಲ್ಲಿದೆ ಎಂಬುದು ಸಿದ್ಧವಾಗುತ್ತದೆ. ಹೀಗಾಗಿ ಅರ್ಜಿ ಬರೆಯುವವರು ಕೋರಿಕೆಯಿಂದಲೇ ಆರಂಭಿಸಲಿ. ಪ್ರತಿ ಕೋರಿಕೆಯ ಎದುರು ಸಂಗತಿಯ ಪುಟಸಂಖ್ಯೆಯನ್ನೂ ಮನವಿಯ ದಿನಾಂಕವನ್ನೂ ಬರೆದುಕೊಳ್ಳಲಿ. ಎರಡರಲ್ಲಿ ಒಂದು ಖಾಲಿ ಉಳಿದರೆ ಆ ಕೋರಿಕೆಯನ್ನು ಕೈಬಿಡಲಿ, ಇಲ್ಲವೇ ಖಾಲಿಯನ್ನು ತುಂಬಿಸಿದ ಮೇಲೆ ನ್ಯಾಯಾಲಯಕ್ಕೆ ಹೋಗಲಿ.