220ರಿಂದ ವಯಸ್ಸನ್ನು ಕಳೆಯುವ ಲೆಕ್ಕ: ಒಂದು ಸೂತ್ರದ ಹುಟ್ಟು, ಹರಡುವಿಕೆ ಮತ್ತು ಮಿತಿ

ವ್ಯಾಯಾಮ ಮಾಡುವಾಗ ಹೃದಯ ಅತಿ ಹೆಚ್ಚೆಂದರೆ ನಿಮಿಷಕ್ಕೆ ಎಷ್ಟು ಸಲ ಬಡಿಯಬಲ್ಲದು ಎಂಬ ಪ್ರಶ್ನೆಗೆ ಜಿಮ್‌ನ ಗೋಡೆಯ ಪಟ್ಟಿ, ಟ್ರೆಡ್‌ಮಿಲ್‌ನ ಫಲಕ, ಕೈಗೆ ಕಟ್ಟುವ ಸ್ಮಾರ್ಟ್‌ವಾಚ್ ಮೂರೂ ಬಹುಮಟ್ಟಿಗೆ ಒಂದೇ ಉತ್ತರ ಕೊಡುತ್ತವೆ: 220ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ. ಬಂದ ಸಂಖ್ಯೆಯ ಶೇಕಡಾವಾರು ಲೆಕ್ಕದ ಮೇಲೆ ‘ಕೊಬ್ಬು ಕರಗುವ ವಲಯ’, ‘ಅಪಾಯದ ವಲಯ’ ಮುಂತಾದವು ನಿಗದಿಯಾಗುತ್ತವೆ. ಈ ಸೂತ್ರ ಎಲ್ಲಿಂದ ಬಂತು, ಅದರ ಹಿಂದಿನ ದತ್ತಾಂಶ ಏನು, ಆಮೇಲೆ ಬಂದ ಸೂತ್ರಗಳು ಅದರ ದೋಷವನ್ನು ನೀಗಿದವೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ದೋಷ 220 ಎಂಬ ಅಂಕಿಯದ್ದಲ್ಲ. ಗುಂಪಿನ ಸರಾಸರಿಗಾಗಿ ಎಳೆದ ಗೆರೆಯನ್ನು ಒಬ್ಬ ವ್ಯಕ್ತಿಯ ಮಿತಿ ಎಂದು ಓದಿದ್ದರಲ್ಲೇ ತಪ್ಪಿದೆ ಎಂಬುದು ಇಲ್ಲಿನ ವಾದ.

ಸೂತ್ರಕ್ಕೆ ಮುಂಚೆ

ವಯಸ್ಸಾದಂತೆ ಗರಿಷ್ಠ ಹೃದಯ ಬಡಿತ ಇಳಿಯುತ್ತದೆ ಎಂಬ ತಿಳಿವಳಿಕೆ ಸೂತ್ರಕ್ಕಿಂತ ಹಳೆಯದು. ಅಮೆರಿಕದ ಹಾರ್ವರ್ಡ್ ಫಟೀಗ್ ಲ್ಯಾಬೊರೇಟರಿಯಲ್ಲಿ ಸಿಡ್ ರಾಬಿನ್ಸನ್ ಅವರು ಚಿಕ್ಕ ಹುಡುಗರಿಂದ ಮುದುಕರವರೆಗೆ ಬೇರೆ ಬೇರೆ ವಯಸ್ಸಿನವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, 1938ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದವರೆಲ್ಲ ಗಂಡಸರು. ಆ ಅಂಕಿಗಳಿಗೆ ಗೆರೆ ಎಳೆದರೆ ಸಿಗುವುದು 212 − 0.77 × ವಯಸ್ಸು. ಅಂದರೆ ಮೊದಲ ಗಂಭೀರ ದತ್ತಾಂಶವೇ ‘220 − ವಯಸ್ಸು’ ಎಂಬುದಕ್ಕೆ ಹೊಂದುವುದಿಲ್ಲ.

ಹಲವು ಪಠ್ಯಪುಸ್ತಕಗಳು ಈ ಸೂತ್ರವನ್ನು ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ ಅವರ ಹೆಸರಿಗೆ ಬರೆದಿವೆ. ಇದು ಸರಿಯಲ್ಲ. ಕಾರ್ವೊನೆನ್ ಮತ್ತು ಸಂಗಡಿಗರ 1957ರ ಅಧ್ಯಯನ ಕೆಲವೇ ಯುವಕರ ತರಬೇತಿಯನ್ನು ಕುರಿತದ್ದು. ವಿಶ್ರಾಂತಿಯ ಬಡಿತಕ್ಕೂ ಗರಿಷ್ಠ ಬಡಿತಕ್ಕೂ ನಡುವಿನ ಅಂತರವನ್ನು ತೆಗೆದುಕೊಂಡು, ಅದರಲ್ಲಿ ಎಷ್ಟು ಪಾಲು ಮೇಲೇರಿದರೆ ತರಬೇತಿ ಫಲ ಕೊಡುತ್ತದೆ ಎಂದು ಅವರು ನೋಡಿದರು. ವಯಸ್ಸಿನಿಂದ ಗರಿಷ್ಠ ಬಡಿತವನ್ನು ಊಹಿಸುವುದು ಅವರ ವಿಷಯವೇ ಆಗಿರಲಿಲ್ಲ. ಮುಂದೆ ಸಂಶೋಧಕರು ಕೇಳಿದಾಗ, ತಾವು ಅಂಥ ಸೂತ್ರವನ್ನು ಎಂದೂ ಪ್ರಕಟಿಸಿಲ್ಲ ಎಂದು ಅವರೇ ಸ್ಪಷ್ಟಪಡಿಸಿದರು.

1971ರ ಗೆರೆ

ಸೂತ್ರ ನಿಜವಾಗಿ ಕಾಣಿಸಿಕೊಳ್ಳುವುದು ಸ್ಯಾಮ್ಯುಯೆಲ್ ಫಾಕ್ಸ್, ಜಾನ್ ನಾಟನ್ ಮತ್ತು ವಿಲಿಯಂ ಹ್ಯಾಸ್ಕೆಲ್ ಅವರು 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ. ದೈಹಿಕ ಚಟುವಟಿಕೆಯಿಂದ ಹೃದ್ರೋಗವನ್ನು ತಡೆಯಬಹುದೇ ಎಂಬುದು ಆ ಲೇಖನದ ವಿಷಯ. ಹೃದ್ರೋಗಿಗಳಿಗೆ ಎಷ್ಟು ಬಿರುಸಿನ ವ್ಯಾಯಾಮ ಹೇಳಬಹುದು ಎಂಬುದಕ್ಕೆ ಆಗ ಒಂದು ಸ್ಥೂಲ ಅಂದಾಜು ಬೇಕಾಗಿತ್ತು. ಅದಕ್ಕಾಗಿ ಅವರು ಹೊಸ ಪ್ರಯೋಗ ಮಾಡಲಿಲ್ಲ. ಆ ಹೊತ್ತಿಗೆ ಲಭ್ಯವಿದ್ದ ಹತ್ತು-ಹನ್ನೊಂದು ಮೂಲಗಳಿಂದ ಸರಾಸರಿಗಳನ್ನು ಆಯ್ದು ಒಂದು ನಕ್ಷೆಯಲ್ಲಿ ಗುರುತಿಸಿದರು. ಬಿಂದುಗಳು 220ರ ಹತ್ತಿರ ಶುರುವಾಗಿ ವರ್ಷಕ್ಕೆ ಒಂದರಂತೆ ಇಳಿಯುವ ಗೆರೆಯ ಸುತ್ತಮುತ್ತ ಬಿದ್ದಂತೆ ಕಂಡವು. ಸಂಖ್ಯಾಶಾಸ್ತ್ರದ ಲೆಕ್ಕದಿಂದ ಬಂದ ಗೆರೆ ಅದಲ್ಲ, ಕಣ್ಣಳತೆಯದು.

ಯಾವ ಒಂದು ಗೆರೆಯೂ ಈ ಇಳಿಕೆಯನ್ನು ಸರಿಯಾಗಿ ಪ್ರತಿನಿಧಿಸಲಾರದು ಎಂಬ ಎಚ್ಚರಿಕೆಯನ್ನು ಲೇಖಕರು ಅಲ್ಲೇ ಬರೆದಿದ್ದರು. ಆಯ್ದ ಗುಂಪುಗಳು ಜನಸಾಮಾನ್ಯರ ಪ್ರಾತಿನಿಧಿಕ ಮಾದರಿಯೂ ಆಗಿರಲಿಲ್ಲ. ಧೂಮಪಾನಿಗಳೂ ಹೃದ್ರೋಗಿಗಳೂ ಅವುಗಳಲ್ಲಿದ್ದರು. ಆದರೂ ಬಾಯಿಲೆಕ್ಕದಲ್ಲಿ ಮುಗಿಯುವ ಸೂತ್ರ ಎಲ್ಲರ ಕೈಗೂ ಸುಲಭವಾಗಿ ದಕ್ಕಿತು. ಪಠ್ಯಪುಸ್ತಕಗಳು, ತರಬೇತುದಾರರ ಪರೀಕ್ಷೆಗಳು, 1980ರ ದಶಕದಿಂದ ಮಾರುಕಟ್ಟೆಗೆ ಬಂದ ಹೃದಯ ಬಡಿತ ಮಾಪಕಗಳು ಅದನ್ನು ಎತ್ತಿಕೊಂಡವು. ಎಚ್ಚರಿಕೆಯ ವಾಕ್ಯ ಮೂಲ ಲೇಖನದಲ್ಲೇ ಉಳಿಯಿತು.

2002ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದ ರಾಬರ್ಟ್ ರಾಬರ್ಗ್ಸ್ ಮತ್ತು ರಾಬರ್ಟೊ ಲ್ಯಾಂಡ್ವೆರ್ ಈ ಸೂತ್ರದ ಮೂಲವನ್ನು ಹುಡುಕುತ್ತ ಹೋಗಿ, 1971ರ ನಕ್ಷೆಯ ಬಿಂದುಗಳಿಗೆ ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಗೆರೆ ಎಳೆದು ನೋಡಿದರು. ಬಂದದ್ದು 215.4 − 0.9147 × ವಯಸ್ಸು. ಅದೇ ದತ್ತಾಂಶ ಕೂಡ ‘220 − ವಯಸ್ಸು’ ಎನ್ನಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಗೆರೆಯ ಅಂದಾಜು ದೋಷ 21 ಬಡಿತಗಳಷ್ಟಿತ್ತು.

ಹೊಸ ಸೂತ್ರಗಳು, ಹಳೆಯ ಚೆದುರುವಿಕೆ

ಅದಕ್ಕೆ ಒಂದು ವರ್ಷ ಮುಂಚೆ, 2001ರಲ್ಲಿ, ಕೊಲರಾಡೊ ವಿಶ್ವವಿದ್ಯಾನಿಲಯದ ಹಿರೊಫುಮಿ ತನಾಕಾ, ಕೆವಿನ್ ಮೊನಹನ್ ಮತ್ತು ಡಗ್ಲಸ್ ಸೀಲ್ಸ್ ದೊಡ್ಡ ಪ್ರಮಾಣದ ಮರುಪರಿಶೀಲನೆ ಪ್ರಕಟಿಸಿದ್ದರು. 351 ಅಧ್ಯಯನಗಳ 18,712 ಜನರ ಅಂಕಿಗಳನ್ನು ಒಟ್ಟುಗೂಡಿಸಿ ಅವರು ಪಡೆದದ್ದು 208 − 0.7 × ವಯಸ್ಸು. ತಮ್ಮದೇ ಪ್ರಯೋಗಾಲಯದಲ್ಲಿ 514 ಆರೋಗ್ಯವಂತರನ್ನು ಪರೀಕ್ಷಿಸಿದಾಗಲೂ ಬಹುತೇಕ ಅದೇ ಗೆರೆ ಬಂತು. 40ನೇ ವಯಸ್ಸಿಗೆ ಎರಡೂ ಸೂತ್ರಗಳು 180 ಎನ್ನುತ್ತವೆ. 20ನೇ ವಯಸ್ಸಿಗೆ ಹಳೆಯದು 200, ಹೊಸದು 194. 70ಕ್ಕೆ ಬಂದಾಗ ಹಳೆಯದು 150, ಹೊಸದು 159. ಹಳೆಯ ಸೂತ್ರ ಹಿರಿಯರ ಸಾಮರ್ಥ್ಯವನ್ನು ಕಡಿಮೆ ಅಂದಾಜು ಮಾಡುತ್ತಿತ್ತು ಎಂಬುದು ಇದರಿಂದ ಖಚಿತವಾಯಿತು.

ಈ ಸುಧಾರಣೆ ಸರಾಸರಿಯ ಮಟ್ಟದ್ದು. ತನಾಕಾ ತಂಡದ ವಿಶ್ಲೇಷಣೆಯಲ್ಲಿ ಗರಿಷ್ಠ ಬಡಿತದ ವ್ಯತ್ಯಾಸದ ಶೇ. 80ರಷ್ಟನ್ನು ವಯಸ್ಸೊಂದೇ ವಿವರಿಸುತ್ತದೆ ಎಂದು ಬಂತು. ಇದನ್ನು ಓದಿದವರಿಗೆ ವಯಸ್ಸು ತಿಳಿದರೆ ಸಾಕು ಎನಿಸುವುದು ಸಹಜ. ಆದರೆ ಅಲ್ಲಿನ ಒಂದೊಂದು ಬಿಂದುವೂ ಒಬ್ಬ ವ್ಯಕ್ತಿಯಲ್ಲ, ಒಂದು ಗುಂಪಿನ ಸರಾಸರಿ. ಗುಂಪಿನೊಳಗೆ ಒಬ್ಬರ ಬಡಿತ 165, ಇನ್ನೊಬ್ಬರದು 195 ಆಗಿದ್ದರೆ ಸರಾಸರಿ ತೆಗೆದ ಕೂಡಲೇ ಆ ಅಂತರ ಮಾಯವಾಗುತ್ತದೆ. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ, ಒಂದೇ ವಯಸ್ಸಿನ ಆರೋಗ್ಯವಂತರ ನಡುವಿನ ಪ್ರಮಾಣ ವಿಚಲನೆ ಸುಮಾರು 10 ಬಡಿತ. ಸರಳವಾಗಿ ಹೇಳುವುದಾದರೆ, ಮೂವರಲ್ಲಿ ಇಬ್ಬರು ಸೂತ್ರದ ಸಂಖ್ಯೆಗಿಂತ 10 ಬಡಿತ ಆಚೀಚೆಯ ಒಳಗೆ ಬರುತ್ತಾರೆ. ಮೂರನೆಯವರು ಅದಕ್ಕೂ ಹೊರಗಿರುತ್ತಾರೆ. ಸುಮಾರು ಇಪ್ಪತ್ತರಲ್ಲಿ ಒಬ್ಬರ ವಿಷಯದಲ್ಲಿ ಅಂದಾಜು 20ಕ್ಕೂ ಹೆಚ್ಚು ಬಡಿತಗಳಷ್ಟು ತಪ್ಪುತ್ತದೆ.

ಇನ್ನಷ್ಟು ಮಾಹಿತಿ ಸೇರಿಸಿದರೆ ಈ ಚೆದುರುವಿಕೆ ಕಿರಿದಾಗುವುದೇ? 2013ರಲ್ಲಿ ನಾರ್ವೆಯ ಬ್ಯಾರ್ನೆ ನೆಸ್ ಮತ್ತು ಸಂಗಡಿಗರು 3,320 ಆರೋಗ್ಯವಂತ ವಯಸ್ಕರನ್ನು ನಿಜವಾಗಿಯೇ ದಣಿವಿನ ತುದಿಯವರೆಗೆ ಓಡಿಸಿ 211 − 0.64 × ವಯಸ್ಸು ಎಂಬ ಸೂತ್ರ ಪಡೆದರು. ಲಿಂಗ, ದೇಹದ ತೂಕ, ವ್ಯಾಯಾಮದ ರೂಢಿ, ದೈಹಿಕ ಕ್ಷಮತೆ ಇವುಗಳನ್ನು ಗಮನಿಸಿದರೂ ಅಂದಾಜು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ; ದೋಷ 10.8 ಬಡಿತಗಳಲ್ಲೇ ನಿಂತಿತು. 2010ರಲ್ಲಿ ಮಾರ್ಥಾ ಗುಲಾಟಿ ಮತ್ತು ಸಂಗಡಿಗರು ಶಿಕಾಗೊ ಭಾಗದ 5,437 ಮಹಿಳೆಯರ ಪರೀಕ್ಷೆಗಳಿಂದ ಮಹಿಳೆಯರಿಗೇ ಮೀಸಲಾದ ಸೂತ್ರ ಕೊಟ್ಟಿದ್ದರು: 206 − 0.88 × ವಯಸ್ಸು. 45 ವರ್ಷದ ಒಬ್ಬ ಮಹಿಳೆ ಈ ಮೂರನ್ನೂ ಬಳಸಿದರೆ ಗುಲಾಟಿ ಸೂತ್ರ 166, ತನಾಕಾ ಸೂತ್ರ 177, ನೆಸ್ ಸೂತ್ರ 182 ಎನ್ನುತ್ತದೆ. ಆಕೆಯ ಹೃದಯದ ನಿಜವಾದ ಮಿತಿ ಈ ಮೂರಕ್ಕೂ ಹೊರಗಿರಬಹುದು.

ಒಂದು ಲೆಕ್ಕ, ಇಬ್ಬರು ವ್ಯಕ್ತಿಗಳು

ಈ ತಪ್ಪಿನ ಪರಿಣಾಮ ಏನೆಂದು ತಿಳಿಯಲು 45 ವರ್ಷದ ಇಬ್ಬರನ್ನು ಊಹಿಸಿಕೊಳ್ಳೋಣ. ‘220 − ವಯಸ್ಸು’ ಸೂತ್ರ ಇಬ್ಬರಿಗೂ 175 ಎನ್ನುತ್ತದೆ. ಅದರ ಶೇ. 70ರಿಂದ 85ರವರೆಗೆ, ಅಂದರೆ 123ರಿಂದ 149 ಬಡಿತಗಳ ನಡುವೆ, ವ್ಯಾಯಾಮ ಮಾಡಲು ಇಬ್ಬರಿಗೂ ಹೇಳಲಾಗಿದೆ. ಮೊದಲನೆಯವರ ನಿಜವಾದ ಗರಿಷ್ಠ ಬಡಿತ 160, ಎರಡನೆಯವರದು 195. ಇಬ್ಬರೂ ಆರೋಗ್ಯವಂತರೇ.

149 ಬಡಿತಗಳು ಮೊದಲನೆಯವರ ಪಾಲಿಗೆ ಗರಿಷ್ಠದ ಶೇ. 93. ಆ ಬಿರುಸಿನಲ್ಲಿ ಅರ್ಧ ಗಂಟೆ ಓಡುವುದು ಅವರಿಂದಾಗದು. ಒಂದು ವಾಕ್ಯ ಪೂರ್ತಿ ಆಡುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಕಾಲು ಸೋಲುತ್ತದೆ. ಪಟ್ಟಿ ಇದನ್ನು ‘ಮಧ್ಯಮ’ ಎನ್ನುವುದರಿಂದ ತಮ್ಮ ದೇಹವೇ ದುರ್ಬಲ ಎಂದು ಅವರು ತೀರ್ಮಾನಿಸುತ್ತಾರೆ. ಎರಡನೆಯವರಿಗೆ ಅದೇ 149 ಕೇವಲ ಶೇ. 76. ಅವರು ಆರಾಮವಾಗಿ ಮಾತಾಡುತ್ತಲೇ ಓಡುತ್ತಾರೆ, ತರಬೇತಿಯಿಂದ ಸಿಗಬೇಕಾದಷ್ಟು ಫಲ ಸಿಗುವುದಿಲ್ಲ. ಒಂದು ದಿನ ಏರಿನಲ್ಲಿ ಓಡಿದಾಗ ವಾಚ್ 185 ತೋರಿಸಿದರೆ, ಅದು ಗರಿಷ್ಠದ ಶೇ. 106 ಎಂಬ ಅಸಾಧ್ಯ ಸಂಖ್ಯೆ ಕಂಡು ಗಾಬರಿಯಾಗುತ್ತಾರೆ. ಮಿತಿ ಮೀರಿದ್ದು ಹೃದಯವಲ್ಲ, ಲೆಕ್ಕ ತಪ್ಪಿದೆ.

ಆಸ್ಪತ್ರೆಯ ಟಿಎಂಟಿ ಪರೀಕ್ಷೆಯಲ್ಲಿ ಇದೇ ತಪ್ಪು ಇನ್ನೂ ಗಂಭೀರವಾಗುತ್ತದೆ. ಸೂತ್ರದ ಶೇ. 85 ಮುಟ್ಟಿದ ಕೂಡಲೇ ಪರೀಕ್ಷೆ ನಿಲ್ಲಿಸಿದರೆ ಎರಡನೆಯವರ ಹೃದಯಕ್ಕೆ ಸಾಕಷ್ಟು ಒತ್ತಡವೇ ಬಿದ್ದಿರುವುದಿಲ್ಲ. ರಕ್ತನಾಳದ ಅಡಚಣೆ ಇದ್ದರೂ ಅದು ಇಸಿಜಿಯಲ್ಲಿ ಕಾಣದೇ ಹೋಗಬಹುದು. ಈ ಸಂಖ್ಯೆ ತಲುಪಿದ ಮಾತ್ರಕ್ಕೆ ಪರೀಕ್ಷೆ ನಿಲ್ಲಿಸಬಾರದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಮಾರ್ಗಸೂಚಿ ಹೇಳುವುದು ಇದೇ ಕಾರಣಕ್ಕೆ.

ವ್ಯತ್ಯಾಸದ ಕಾರಣ

ಹೃದಯದ ಬಡಿತವನ್ನು ಹುಟ್ಟಿಸುವುದು ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್. 1970ರಲ್ಲಿ ಆಂಥೊನಿ ಜೋಸ್ ಮತ್ತು ಕಾಲಿಸನ್, ನರಗಳ ಪ್ರಭಾವವನ್ನು ಔಷಧಿಗಳಿಂದ ತಡೆದು ಈ ನೋಡ್‌ನ ಸ್ವಂತ ವೇಗವನ್ನು ಅಳೆದಾಗ, ಅದೂ ವಯಸ್ಸಿನೊಂದಿಗೆ ವರ್ಷಕ್ಕೆ ಸರಾಸರಿ 0.57 ಬಡಿತದಂತೆ ಇಳಿಯುವುದು ಕಂಡಿತು. ಇದರ ಜೊತೆಗೆ ಅಡ್ರಿನಾಲಿನ್‌ಗೆ ಹೃದಯ ಸ್ಪಂದಿಸುವ ಶಕ್ತಿಯೂ ವಯಸ್ಸಾದಂತೆ ಕುಗ್ಗುತ್ತದೆ. ಇಳಿಕೆ ಎಲ್ಲರಲ್ಲೂ ಇದೆ, ಆದರೆ ಶುರುವಾಗುವ ಎತ್ತರ ಒಬ್ಬೊಬ್ಬರದೂ ಬೇರೆ. ವ್ಯಾಯಾಮದಿಂದ ಗರಿಷ್ಠ ಬಡಿತ ಹೆಚ್ಚುವುದಿಲ್ಲ. ಹೆಚ್ಚುವುದು ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತದ ಪ್ರಮಾಣ. ಆದ್ದರಿಂದ ಗರಿಷ್ಠ ಬಡಿತ ಕಡಿಮೆ ಇರುವುದು ದೌರ್ಬಲ್ಯದ ಗುರುತಲ್ಲ, ಹೆಚ್ಚಿರುವುದು ಸಾಮರ್ಥ್ಯದ ಗುರುತೂ ಅಲ್ಲ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತವನ್ನು ಔಷಧಿಯೇ ತಡೆದಿರುವುದರಿಂದ ಈ ಯಾವ ಸೂತ್ರವೂ ಅನ್ವಯಿಸುವುದಿಲ್ಲ.

ಉಪಸಂಹಾರ

ಸಾವಿರಾರು ಜನರ ಸರಾಸರಿ ತಿಳಿಯಬೇಕಾದಾಗ ವಯಸ್ಸಿನ ಸೂತ್ರಗಳು ಉಪಯುಕ್ತ. ಆ ಕೆಲಸಕ್ಕೆ 1971ರ ಗೆರೆಗಿಂತ ತನಾಕಾ ಅಥವಾ ನೆಸ್ ಅವರ ಗೆರೆ ಉತ್ತಮ. ಒಬ್ಬ ವ್ಯಕ್ತಿಗೆ ವ್ಯಾಯಾಮದ ಬಿರುಸನ್ನು ನಿಗದಿಪಡಿಸಲು ಅವು ಯಾವುವೂ ಸಾಲವು. ನಿಖರ ಸಂಖ್ಯೆ ಬೇಕಾದವರು ಅದನ್ನು ಅಳೆಸಿಕೊಳ್ಳಬೇಕು. ನಡುವಯಸ್ಸು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಎದೆನೋವು ಇರುವವರು ವೈದ್ಯರ ಕಣ್ಣೆದುರಿನಲ್ಲೇ ಆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಳೆದು ಬಂದ ಸಂಖ್ಯೆಯನ್ನು ವಾಚ್‌ನ ಸೆಟ್ಟಿಂಗ್‌ನಲ್ಲಿ ಕೈಯಾರೆ ತುಂಬಿದರೆ ಅದರ ವಲಯಗಳಿಗೆ ಅರ್ಥ ಬರುತ್ತದೆ.

ಅಳೆಸಿಕೊಳ್ಳದವರಿಗೆ ಉಸಿರೇ ಸೂತ್ರಕ್ಕಿಂತ ನಂಬಲರ್ಹ ಮಾಪಕ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಂತಿದ್ದರೆ ಅದು ಮಧ್ಯಮ ವ್ಯಾಯಾಮ. ಎರಡು ಮೂರು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ಬಿರುಸಿನ ವ್ಯಾಯಾಮ. ಜಿಮ್‌ನ ಗೋಡೆಯ ಮೇಲೆ ಪಟ್ಟಿ ಇರಲೇಬೇಕೆಂದಿದ್ದರೆ, ಅದರ ಪ್ರತಿ ಸಂಖ್ಯೆಯ ಪಕ್ಕದಲ್ಲೂ ‘20 ಬಡಿತ ಹೆಚ್ಚು ಅಥವಾ ಕಡಿಮೆ ಇರಬಹುದು’ ಎಂದು ಬರೆಯಬೇಕು. 1971ರ ಲೇಖಕರು ಕೊಟ್ಟ ಎಚ್ಚರಿಕೆಯನ್ನು ವ್ಯಾಯಾಮ ಮಾಡುವವರಿಗೆ ತಲುಪಿಸುವುದು ತರಬೇತುದಾರರ ಕರ್ತವ್ಯ.