‘ಎಚ್’ ಯಾರು? ಅಭಿಮಾನಿಗಳ ಊಹೆಯನ್ನು ತೂಗುವ ಬಗೆ

2019ರ ವಸಂತದಲ್ಲಿ, ಸಾಲ್ಫರ್ಡ್‌ನ ಮೀಡಿಯಾಸಿಟಿಯಲ್ಲಿ ಸೋಮವಾರ ಬೆಳಿಗ್ಗೆ ಕಾಫಿಗೆ ನಿಂತವರ ನಡುವೆ ನಾನು ಪ್ರತಿವಾರವೂ ಕೇಳುತ್ತಿದ್ದ ಮಾತು ಒಂದೇ: ‘ಹೇಸ್ಟಿಂಗ್ಸ್‌ನೇ ಎಚ್.’ ಹಿಂದಿನ ರಾತ್ರಿ ಬಿಬಿಸಿ ಒನ್‌ನಲ್ಲಿ ‘ಲೈನ್ ಆಫ್ ಡ್ಯೂಟಿ’ ಪ್ರಸಾರವಾಗಿರುತ್ತಿತ್ತು. ಜೆಡ್ ಮರ್ಕ್ಯೂರಿಯೊ ಬರೆದ ಈ ಪೊಲೀಸ್ ಧಾರಾವಾಹಿಯ, 2012ರಲ್ಲಿ ಪ್ರಸಾರವಾದ ಮೊದಲ ಸರಣಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಿತ್ರಿತವಾಗಿತ್ತು. ಭ್ರಷ್ಟ ಪೊಲೀಸರನ್ನು ಹಿಡಿಯುವ ‘ಎಸಿ–12’ ವಿಭಾಗದ ಮುಖ್ಯಸ್ಥ ಟೆಡ್ ಹೇಸ್ಟಿಂಗ್ಸ್‌ನೇ ಭ್ರಷ್ಟಕೂಟದ ನಾಯಕ ಎಂಬುದು ಅಭಿಮಾನಿಗಳ ಊಹೆ. ನಾನೂ ಅದನ್ನು ನಂಬಿದ್ದೆ. ಅದು ಹೇಗೆ ಕುಸಿಯಿತೆಂಬುದನ್ನು ಗಮನಿಸಿದರೆ ಇಂತಹ ಊಹೆಗಳನ್ನು ತೂಗುವ ವಿಧಾನ ತಿಳಿಯುತ್ತದೆ. ಮುಂದಿನ ಸಾಲುಗಳಲ್ಲಿ ಕಥೆಯ ಅಂತ್ಯ ಬಯಲಾಗುತ್ತದೆ. ನೋಡದವರು ಎಚ್ಚರ ವಹಿಸಬೇಕು.

ಮೊದಲು ಕೇಳಬೇಕಾದುದು, ಊಹೆಯ ತಳಪಾಯವಾದ ಸುಳಿವನ್ನು ಕಥೆಯೇ ನುಡಿದಿದೆಯೇ ಅಥವಾ ಅದು ಯಾರದೋ ವ್ಯಾಖ್ಯಾನವೇ ಎಂಬುದು. ಗುಂಡೇಟು ತಿಂದು ಸಾಯುತ್ತಿದ್ದ ಡಾಟ್ ಕಾಟನ್‌ನ ಕೊನೆಯ ಹೇಳಿಕೆ ವಿಡಿಯೊದಲ್ಲಿ ದಾಖಲಾಗಿತ್ತು. ‘ಎಚ್’ ಎಂಬ ಅಕ್ಷರ ಹುಟ್ಟಿದ್ದು ಅದರಿಂದ. ಆದರೆ ಅದನ್ನು ಹೆಸರಿನ ಮೊದಲ ಅಕ್ಷರವೆಂದು ಓದಿದವರು ತನಿಖಾಧಿಕಾರಿಗಳು. ಐದನೆಯ ಸರಣಿಯ ಕೊನೆಯಲ್ಲಿ ವಿಡಿಯೊವನ್ನು ಮತ್ತೆ ನೋಡಿದಾಗ, ಅವನ ಕೈ ನಾಲ್ಕು ಬಾರಿ ತಟ್ಟಿದ್ದು ಕಂಡಿತು. ಮೋರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕೆಯೆಂದರೆ ‘ಎಚ್’ ಅಕ್ಷರವೇ. ಆದರೆ ಅವನು ಸೂಚಿಸಿದ್ದು ನಾಲ್ವರು ಭ್ರಷ್ಟರಿದ್ದಾರೆಂಬುದನ್ನು ಎಂದು ಆಗ ಅರ್ಥವಾಯಿತು. ವರ್ಷಗಟ್ಟಲೆ ‘ಎಚ್’ ಹೆಸರಿನವರನ್ನು ಹುಡುಕಿದವರೆಲ್ಲ ಒಂದು ಓದಿನ ಮೇಲೆ ಮನೆ ಕಟ್ಟಿದ್ದರು.

ಎರಡನೆಯದು, ಆ ಸುಳಿವು ಎಷ್ಟು ಜನರಿಗೆ ಒಪ್ಪುತ್ತದೆ ಎಂಬುದು. ಹಂಟರ್, ಹಿಲ್ಟನ್, ಹಾರ್‌ಗ್ರೀವ್ಸ್, ಹೇಸ್ಟಿಂಗ್ಸ್ – ಈ ಧಾರಾವಾಹಿಯಲ್ಲಿ ‘ಎಚ್’ಗೆ ಬರವಿರಲಿಲ್ಲ. ಹಲವರಿಗೆ ಹೊಂದುವ ಸುಳಿವು ಒಬ್ಬನನ್ನು ಬೊಟ್ಟು ಮಾಡಿ ತೋರಿಸಲಾರದು. ಕಾಗುಣಿತದ ಸುಳಿವೂ ಇಂತಹದೇ. ಅಜ್ಞಾತ ನಾಯಕನ ಸಂದೇಶದಲ್ಲಿ definately ಎಂಬ ತಪ್ಪು ಬರಹವಿತ್ತು. ಅವನ ಸೋಗಿನಲ್ಲಿ ಹೇಸ್ಟಿಂಗ್ಸ್ ಟೈಪ್ ಮಾಡಿದಾಗಲೂ ಅದೇ ತಪ್ಪು. ಅಭಿಮಾನಿಗಳು ಕುಣಿದಾಡಿದರು. ಆದರೆ ಇದು ಇಂಗ್ಲಿಷಿನಲ್ಲಿ ಅತಿ ಸಾಮಾನ್ಯವಾದ ತಪ್ಪು. ಜೊತೆಗೆ, ಹಳೆಯ ಸಂದೇಶವನ್ನು ನೋಡಿ ಬೇಕೆಂದೇ ಅನುಕರಿಸಿದೆ ಎಂಬ ಅವನ ವಿವರಣೆಯೂ ಘಟನೆಗಳಿಗೆ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಎರಡು ವಿವರಣೆಗಳಿಗೂ ಸಮನಾಗಿ ಒಗ್ಗುವ ಸುಳಿವು ತಕ್ಕಡಿಯನ್ನು ಯಾವ ಕಡೆಗೂ ವಾಲಿಸುವುದಿಲ್ಲ.

ಮೂರನೆಯದು, ಊಹೆ ಕೇಳುವ ಬೆಲೆ. ಅದು ನಿಜವಾದರೆ ಹಿಂದಿನ ಎಷ್ಟು ದೃಶ್ಯಗಳು ಅರ್ಥಹೀನವಾಗುತ್ತವೆ? ಮೊದಲ ಸರಣಿಯಲ್ಲಿ, ತಪ್ಪಾಗಿ ನಡೆದ ಗುಂಡಿನ ದಾಳಿಯನ್ನು ಮುಚ್ಚಿಹಾಕಲು ಒಪ್ಪದ ಸ್ಟೀವ್ ಆರ್ನಾಟ್‌ನನ್ನು ಹೇಸ್ಟಿಂಗ್ಸ್‌ನೇ ತನ್ನ ವಿಭಾಗಕ್ಕೆ ಕರೆತರುತ್ತಾನೆ. ಭ್ರಷ್ಟಕೂಟದ ನಾಯಕನಾದವನು ಸುಳ್ಳಿಗೆ ಒಪ್ಪದವನನ್ನೇ ಆರಿಸಿಕೊಳ್ಳುವನೇ? ‘ಅದೂ ನಾಟಕವೇ’ ಎನ್ನಬಹುದು. ಆದರೆ ಪ್ರತಿಯೊಂದು ವಿರೋಧಕ್ಕೂ ‘ನಾಟಕ’ವೆಂಬ ಉತ್ತರ ಬರುವ ಊಹೆ ಯಾವುದರಿಂದಲೂ ಸೋಲದು, ಸೋಲಲಾಗದ ಊಹೆಯನ್ನು ಪರೀಕ್ಷಿಸಲೂ ಆಗದು. ಹಾಗಾಗಿ ನಾನೀಗ ಮೊದಲೇ ಒಂದು ಸಾಲು ಬರೆದಿಟ್ಟುಕೊಳ್ಳುತ್ತೇನೆ: ‘ಇಂಥ ದೃಶ್ಯ ಬಂದರೆ ನನ್ನ ಊಹೆ ತಪ್ಪು.’

ನಾಲ್ಕನೆಯದು, ಅನುಮಾನವನ್ನು ಬಿತ್ತಿದವರು ಯಾರು ಎಂಬುದು. ಹೇಸ್ಟಿಂಗ್ಸ್‌ನ ಸಾಲ, ಹೋಟೆಲ್ ಕೋಣೆಯಲ್ಲಿ ಸಿಕ್ಕ ಹಣ, ನಾಶಪಡಿಸಿದ ಲ್ಯಾಪ್‌ಟಾಪ್ – ಇವನ್ನೆಲ್ಲ ನಾವು ಪತ್ತೆ ಮಾಡಲಿಲ್ಲ. ಕಥೆಗಾರರೇ ಎದುರಿಗೆ ಹಿಡಿದು ತೋರಿಸಿದರು. ಮುಚ್ಚಿಡಬೇಕಾದ ಗುಟ್ಟನ್ನು ಹೀಗೆ ಬೆಳಕಿನಲ್ಲಿಡುವುದು ಅಪರೂಪ. ನಿಜವಾದ ಸುಳಿವು ಸಾಮಾನ್ಯವಾಗಿ ಯಾರೂ ಗಮನಿಸದ ಮೂಲೆಯಲ್ಲಿರುತ್ತದೆ.

2021ರ ಮೇ 2ರಂದು ಆರನೆಯ ಸರಣಿಯ ಕೊನೆಯ ಕಂತು ಉತ್ತರ ಕೊಟ್ಟಿತು. ನಾಲ್ಕನೆಯವನು ಇಯಾನ್ ಬಕಲ್ಸ್. ಮೊದಲ ಸರಣಿಯಲ್ಲೇ ಬಂದು ಹೋದ, ಎಲ್ಲರೂ ದಡ್ಡನೆಂದು ಕಡೆಗಣಿಸಿದ್ದ ಅಧಿಕಾರಿ. ಅವನ ದಾಖಲೆಗಳಲ್ಲೂ ಅದೇ definately ಸಿಕ್ಕಿತು. ಸುಳಿವು ನಿಜವಾದದ್ದೇ ಆಗಿತ್ತು. ನಾವು ಅದನ್ನು ಹೊಂದಿಸಿದ ವ್ಯಕ್ತಿ ಮಾತ್ರ ತಪ್ಪು.

ಈ ತಕ್ಕಡಿಗೂ ಮಿತಿಯಿದೆ. ಇದರಿಂದ ಹೇಸ್ಟಿಂಗ್ಸ್ ಊಹೆ ದುರ್ಬಲವೆಂದು ಹೇಳಬಹುದಿತ್ತು. ಬಕಲ್ಸ್‌ನೇ ಎಂದು ಹೇಳಲಾಗುತ್ತಿರಲಿಲ್ಲ. ಅನೇಕ ವೀಕ್ಷಕರು ಆ ಅಂತ್ಯ ಸಪ್ಪೆಯೆಂದು ಬೇಸರಪಟ್ಟರು. ಊಹೆಯೊಂದು ಎಷ್ಟು ರೋಚಕ ಎಂಬುದಕ್ಕೂ ಎಷ್ಟು ಸಂಭಾವ್ಯ ಎಂಬುದಕ್ಕೂ ಸಂಬಂಧವಿಲ್ಲವೆಂದು ಆ ಸೋಮವಾರ ನನಗೆ ಮನದಟ್ಟಾಯಿತು.